ಶಾರ್ಟ್ ಸ್ಟ್ರ್ಯಾಂಗಲ್: ನಷ್ಟದ ಮಿತಿ ಮೊದಲು, ಪ್ರೀಮಿಯಂ ಆಮೇಲೆ

ನಿಫ್ಟಿ ಸೂಚ್ಯಂಕ ಈಗಿರುವ ಮಟ್ಟಕ್ಕಿಂತ ಸಾಕಷ್ಟು ಮೇಲಿರುವ ಒಂದು ಕಾಲ್ ಆಪ್ಷನ್, ಸಾಕಷ್ಟು ಕೆಳಗಿರುವ ಒಂದು ಪುಟ್ ಆಪ್ಷನ್ ಎರಡನ್ನೂ ಒಟ್ಟಿಗೆ ಮಾರುವುದಕ್ಕೆ ಶಾರ್ಟ್ ಸ್ಟ್ರ್ಯಾಂಗಲ್ ಎನ್ನುತ್ತಾರೆ. ಕಾಲ್ ಕೊಂಡವರಿಗೆ ಸೂಚ್ಯಂಕ ಏರಿದರೆ ಲಾಭ, ಪುಟ್ ಕೊಂಡವರಿಗೆ ಇಳಿದರೆ ಲಾಭ. ಎರಡನ್ನೂ ಮಾರಿದವರಿಗೆ ಸೂಚ್ಯಂಕ ನಡುವೆಯೇ ಓಡಾಡಿಕೊಂಡಿದ್ದು ದಿನಗಳು ಕಳೆದರೆ ಲಾಭ. ದಿನ ಕಳೆದಂತೆ ಆಪ್ಷನ್‌ಗಳ ಬೆಲೆ, ಅಂದರೆ ಪ್ರೀಮಿಯಂ, ಕರಗುತ್ತ ಹೋಗುತ್ತದೆ. ದುಬಾರಿಗೆ ಮಾರಿದ್ದನ್ನು ಅಗ್ಗಕ್ಕೆ ಮರಳಿ ಕೊಂಡು ವ್ಯತ್ಯಾಸವನ್ನು ಉಳಿಸಿಕೊಳ್ಳುವುದೇ ಇಲ್ಲಿನ ವ್ಯವಹಾರ.

ಒಂದು ಉದಾಹರಣೆ ಹಿಡಿದು ಹೋದರೆ ವಿಷಯ ಸ್ಪಷ್ಟವಾಗುತ್ತದೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಆಪ್ಷನ್‌ಗಳ ಎಕ್ಸ್‌ಪೈರಿ ಮಂಗಳವಾರ. ಹಾಗಾಗಿ ಹೊಸ ವಾರ ಬುಧವಾರ ಶುರುವಾಗುತ್ತದೆ. ಬುಧವಾರ ಬೆಳಿಗ್ಗೆ ನಿಫ್ಟಿ 25,000ದಲ್ಲಿದೆ, ಮಾರುಕಟ್ಟೆಯ ಏರಿಳಿತದ ನಿರೀಕ್ಷೆಯನ್ನು ಹೇಳುವ ಇಂಡಿಯಾ ವಿಕ್ಸ್ 13ರ ಆಸುಪಾಸಿನಲ್ಲಿದೆ ಎಂದಿಟ್ಟುಕೊಳ್ಳೋಣ. 25,400ರ ಕಾಲ್ ಅನ್ನು 45 ರೂಪಾಯಿಗೆ, 24,600ರ ಪುಟ್ ಅನ್ನು 50 ರೂಪಾಯಿಗೆ ಮಾರಲಾಯಿತು. ಕೈಗೆ ಬಂದದ್ದು ಯೂನಿಟ್‌ಗೆ 95 ರೂಪಾಯಿ. ಲಾಟ್ ಗಾತ್ರವನ್ನು ಎಕ್ಸ್‌ಚೇಂಜ್ ಆಗಾಗ ಬದಲಿಸುತ್ತದೆ. 2025ರಲ್ಲಿದ್ದ 75ರ ಲಾಟ್ ಹಿಡಿದರೆ ಒಟ್ಟು 7,125 ರೂಪಾಯಿ. ಮಂಗಳವಾರ ಸಂಜೆ ನಿಫ್ಟಿ 24,600 ಮತ್ತು 25,400ರ ನಡುವೆ ಎಲ್ಲೇ ಇದ್ದರೂ ಆ ಹಣ ಪೂರ್ತಿ ಮಾರಿದವರದ್ದು. 24,505ಕ್ಕಿಂತ ಕೆಳಗೆ ಅಥವಾ 25,495ಕ್ಕಿಂತ ಮೇಲೆ ಹೋದರೆ ಕೈಯಿಂದ ಹಾಕಬೇಕು. ಎಷ್ಟು ಎಂಬುದಕ್ಕೆ ಮೇಲ್ಬದಿಯಲ್ಲಿ ಕೊನೆಯೇ ಇಲ್ಲ, ಕೆಳಬದಿಯಲ್ಲಿ ಇದ್ದರೂ ಅದು ಇಲ್ಲದಷ್ಟೇ ದೂರ.

ಇಲ್ಲಿಂದ ಮುಂದೆ ಬರುವ ಪ್ರೀಮಿಯಂಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು, ಆದರೆ ಇಂಥ ಮಾರುಕಟ್ಟೆಯಲ್ಲಿ ಕಾಣಸಿಗುವ ಬೆಲೆಗಳಿಗೆ ಹತ್ತಿರದವು.

ಮಿತಿಯಿಂದ ಲಾಟ್, ಲಾಟ್‌ನಿಂದ ಮಿತಿಯಲ್ಲ

ಈ ವ್ಯವಹಾರವನ್ನು ಮೂರು ನಿಯಮಗಳು ಹಿಡಿದು ನಿಲ್ಲಿಸುತ್ತವೆ: ಪ್ರೀಮಿಯಂ ಆಧರಿಸಿದ ಸ್ಟಾಪ್ ಲಾಸ್, ಸ್ಟ್ರೈಕ್ ಬದಲಿಸುವ ಹೊಂದಾಣಿಕೆ, ಗರಿಷ್ಠ ನಷ್ಟದ ಮಿತಿ. ಬಹಳಷ್ಟು ಮಂದಿ ಇವನ್ನು ಇದೇ ಕ್ರಮದಲ್ಲಿ ಯೋಚಿಸುತ್ತಾರೆ. ಮೊದಲು ಮಾರುತ್ತಾರೆ, ಆಮೇಲೆ ಸ್ಟಾಪ್ ಎಲ್ಲಿಡಬೇಕೆಂದು ನೋಡುತ್ತಾರೆ, ಮಿತಿಯ ಮಾತು ಬರುವುದು ಎಲ್ಲ ಕೈಮೀರಿದ ಮೇಲೆ. ಕ್ರಮ ತಲೆಕೆಳಗಾಗಬೇಕು. ಮಿತಿ ರೂಪಾಯಿಯಲ್ಲಿ ಮೊದಲೇ ನಿಗದಿಯಾಗಬೇಕು, ಉಳಿದೆರಡು ಅದರಿಂದ ಹುಟ್ಟಬೇಕು.

ಬಂಡವಾಳ 5 ಲಕ್ಷ ರೂಪಾಯಿ, ಒಂದು ವಾರದ ವ್ಯವಹಾರದಲ್ಲಿ ಅದರ ಶೇ 1ರಷ್ಟು, ಅಂದರೆ 5,000 ರೂಪಾಯಿ ಮಾತ್ರ ಕಳೆದುಕೊಳ್ಳಬಹುದು ಎಂದಿರಲಿ. ಸ್ಟಾಪ್ ಅನ್ನು ನೇರವಾಗಿ 5,000ಕ್ಕೆ ಇಡಲಾಗದು. ಗಾಬರಿಯ ಮಾರುಕಟ್ಟೆಯಲ್ಲಿ ಬಯಸಿದ ಬೆಲೆ ಸಿಗುವುದಿಲ್ಲ, ಬ್ರೋಕರೇಜ್ ಮತ್ತು ತೆರಿಗೆಗಳೂ ಇವೆ. ಪಡೆದ ಪ್ರೀಮಿಯಂನ ಅರ್ಧದಷ್ಟು ನಷ್ಟವಾದಾಗ ಹೊರಬರುವುದೆಂದರೆ 95ರ ಅರ್ಧ, ಸುಮಾರು 47 ರೂಪಾಯಿ. 75ರಿಂದ ಗುಣಿಸಿದರೆ 3,525. ಮಿತಿಗೂ ಇದಕ್ಕೂ ನಡುವೆ ಉಳಿಯುವ ಸುಮಾರು 1,475 ರೂಪಾಯಿ ಬೆಲೆ ಜಾರುವುದಕ್ಕೆ ಮತ್ತು ಖರ್ಚಿಗೆ. ಈ ಲೆಕ್ಕದಲ್ಲಿ ಒಂದೇ ಲಾಟ್ ಹಿಡಿಸುತ್ತದೆ. ರೆಕ್ಕೆಗಳಿಲ್ಲದ ಒಂದು ಸ್ಟ್ರ್ಯಾಂಗಲ್‌ಗೆ ಬ್ರೋಕರ್ ಕೇಳುವ ಮಾರ್ಜಿನ್ ಎರಡು ಲಕ್ಷದ ಆಸುಪಾಸಿನಲ್ಲಿರುವುದರಿಂದ 5 ಲಕ್ಷಕ್ಕೆ ಎರಡು ಲಾಟ್ ಆರಾಮವಾಗಿ ಬರುತ್ತವೆ ಎಂದು ಖಾತೆಯ ಪರದೆ ತೋರಿಸುತ್ತದೆ. ಎಷ್ಟು ಲಾಟ್ ಮಾರಬಹುದು ಎಂಬುದನ್ನು ಮಾರ್ಜಿನ್ ಹೇಳುತ್ತದೆ. ಎಷ್ಟು ಮಾರಬೇಕು ಎಂಬುದನ್ನು ಮಿತಿಯೇ ಹೇಳಬೇಕು.

ಪ್ರೀಮಿಯಂ ಸ್ಟಾಪ್

ಸ್ಟಾಪ್ ಅನ್ನು ನಿಫ್ಟಿಯ ಮಟ್ಟಕ್ಕೆ ಕಟ್ಟಬಹುದು: 25,300 ದಾಟಿದರೆ ಹೊರಗೆ ಎಂದು. ಪ್ರೀಮಿಯಂಗೆ ಕಟ್ಟುವುದರಲ್ಲಿ ಒಂದು ಹೆಚ್ಚಿನ ಅನುಕೂಲವಿದೆ. ಆಪ್ಷನ್ ಮಾರಿದವರ ನಷ್ಟ ಸೂಚ್ಯಂಕದ ಚಲನೆಯಿಂದ ಮಾತ್ರ ಬರುವುದಿಲ್ಲ. ಚುನಾವಣೆ, ಬಜೆಟ್, ಯುದ್ಧದ ಸುದ್ದಿಯಂಥ ಸಮಯದಲ್ಲಿ ನಿಫ್ಟಿ ಅಲುಗದಿದ್ದರೂ ವಿಕ್ಸ್ ಏರುತ್ತದೆ, ಕಾಲ್ ಮತ್ತು ಪುಟ್ ಎರಡೂ ಒಟ್ಟಿಗೆ ದುಬಾರಿಯಾಗುತ್ತವೆ. ಸೂಚ್ಯಂಕದ ಮಟ್ಟವನ್ನೇ ನೋಡುತ್ತ ಕುಳಿತವರಿಗೆ ಎಲ್ಲ ಶಾಂತವಾಗಿರುವಂತೆ ಕಾಣುವಾಗ ಖಾತೆಯಲ್ಲಿ ನಷ್ಟ ಬೆಳೆಯುತ್ತಿರುತ್ತದೆ. ಚಲನೆಯಾಗಲಿ, ಭಯವಾಗಲಿ, ಪ್ರೀಮಿಯಂ ಎರಡನ್ನೂ ಒಂದೇ ಸಂಖ್ಯೆಯಲ್ಲಿ ತೋರಿಸುತ್ತದೆ.

ಪ್ರೀಮಿಯಂ ಸ್ಟಾಪ್‌ನಲ್ಲಿ ಎರಡು ಬಗೆ. ಒಂದು, ಪ್ರತಿ ಬದಿಗೂ ಬೇರೆ ಬೇರೆ ಸ್ಟಾಪ್: 45ಕ್ಕೆ ಮಾರಿದ ಕಾಲ್ ಅರ್ಧದಷ್ಟು ಏರಿ 68 ಆದರೆ ಅದನ್ನು ಮರಳಿ ಕೊಳ್ಳುವುದು, ಪುಟ್ ಹಾಗೇ ಉಳಿಯುವುದು. ಇನ್ನೊಂದು, ಎರಡರ ಮೊತ್ತದ ಮೇಲೆ ಸ್ಟಾಪ್: 95 ಇದ್ದದ್ದು 142 ಆದರೆ ಎರಡನ್ನೂ ಮುಚ್ಚುವುದು. ವ್ಯತ್ಯಾಸ ದೊಡ್ಡದು. ನಿಫ್ಟಿ ನಿಧಾನಕ್ಕೆ ಏರಿ ಕಾಲ್ 68ಕ್ಕೆ ಬಂದಾಗ ಪುಟ್ 19ಕ್ಕೆ ಇಳಿದಿರಬಹುದು. ಮೊತ್ತ 87, ಅಂದರೆ ವ್ಯವಹಾರ ಒಟ್ಟಾರೆ 8 ರೂಪಾಯಿ ಲಾಭದಲ್ಲಿದೆ. ಆದರೂ ಪ್ರತ್ಯೇಕ ಸ್ಟಾಪ್ ಇಟ್ಟವರ ಕಾಲ್ ನಷ್ಟದಲ್ಲಿ ಮುಚ್ಚಿಹೋಗುತ್ತದೆ, ಉಳಿದ ಪುಟ್ ಮೇಲೆ ಅವರು ಸೂಚ್ಯಂಕ ಇಳಿಯದಿರಲಿ ಎಂದು ಕಾಯುವ ಸ್ಥಿತಿಗೆ ಬರುತ್ತಾರೆ. ಆಮೇಲೆ ಮಾರುಕಟ್ಟೆ ತಿರುಗಿ ಬಿದ್ದರೆ ಪುಟ್ ಕೂಡ ಸ್ಟಾಪ್ ಮುಟ್ಟುತ್ತದೆ. ಎರಡು ಬದಿಯೂ ಹೋದಾಗ ಆಗುವ ನಷ್ಟ 47–48 ರೂಪಾಯಿ, ಮೊತ್ತದ ಸ್ಟಾಪ್‌ನಷ್ಟೇ. ಒಂದೇ ದಿಕ್ಕಿಗೆ ಬಿರುಸಾಗಿ ಓಡುವ ವಾರದಲ್ಲಿ ಮಾತ್ರ ಪ್ರತ್ಯೇಕ ಸ್ಟಾಪ್ ಲಾಭದಾಯಕ. ಏಕೆಂದರೆ ಓಡುವ ಬದಿ ಬೇಗ ಕಳಚಿಕೊಂಡು, ಇನ್ನೊಂದು ಬದಿ ಸೊನ್ನೆಯತ್ತ ಕರಗುತ್ತದೆ. ಹಿಂದೆ ಮುಂದೆ ತೂಗಾಡುವ ವಾರಗಳಲ್ಲಿ, ಹೊಂದಾಣಿಕೆ ಮಾಡುವ ಉದ್ದೇಶವಿದ್ದಾಗ, ಮೊತ್ತದ ಸ್ಟಾಪ್ ಹೆಚ್ಚು ಸೂಕ್ತ.

ಅದಕ್ಕೊಂದು ತೊಡಕಿದೆ. ಎಕ್ಸ್‌ಚೇಂಜ್‌ಗೆ ಗೊತ್ತಿರುವುದು ಒಂದೊಂದೇ ಕಾಂಟ್ರ್ಯಾಕ್ಟ್. ಕಾಲ್ ಮತ್ತು ಪುಟ್‌ಗಳ ಮೊತ್ತ 142 ಆದಾಗ ಎರಡನ್ನೂ ಕೊಳ್ಳು ಎಂಬ ಆರ್ಡರ್ ಅನ್ನು ಎಕ್ಸ್‌ಚೇಂಜ್‌ನಲ್ಲಿ ಇಟ್ಟು ಬರಲಾಗದು. ಬ್ರೋಕರ್‌ನ ಸಾಫ್ಟ್‌ವೇರ್ ಆ ಮೊತ್ತವನ್ನು ಕಾಯಬೇಕು, ಇಲ್ಲವೇ ಮನುಷ್ಯರೇ ಕಾಯಬೇಕು. ಇಂಟರ್‌ನೆಟ್ ಕೈಕೊಟ್ಟರೆ, ಆ್ಯಪ್ ನಿಂತರೆ ಸ್ಟಾಪ್ ಇಲ್ಲ. ಪ್ರತಿ ಬದಿಗೂ ದೂರದಲ್ಲಿ ಒಂದು ಸ್ಟಾಪ್ ಆರ್ಡರ್ ಅನ್ನು ಎಕ್ಸ್‌ಚೇಂಜ್‌ನಲ್ಲೇ ಇಟ್ಟಿರುವುದು ಈ ಕೊರತೆಗೆ ಅಡ್ಡಗೋಡೆ. ಅದೂ ಪೂರ್ತಿ ಭದ್ರವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಎನ್‌ಎಸ್‌ಇ ಆಪ್ಷನ್‌ಗಳಿಗೆ ಎಸ್‌ಎಲ್-ಎಂ ಆರ್ಡರ್ ನಿಲ್ಲಿಸಿತು. ಈಗಿರುವುದು ಟ್ರಿಗರ್ ಬೆಲೆಯ ಜತೆಗೆ ಲಿಮಿಟ್ ಬೆಲೆಯನ್ನೂ ಕೊಡಬೇಕಾದ ಆರ್ಡರ್ ಮಾತ್ರ. ಟ್ರಿಗರ್ 110, ಲಿಮಿಟ್ 120 ಎಂದು ಕೊಟ್ಟಿದ್ದು, ಪ್ರೀಮಿಯಂ 105ರಿಂದ ನೇರ 140ಕ್ಕೆ ಹಾರಿದರೆ ಆರ್ಡರ್ 120ರಲ್ಲಿ ನಿಂತೇ ಇರುತ್ತದೆ, ಯಾರೂ ಮಾರುವುದಿಲ್ಲ. ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಧಾರಾಳ ಅಂತರ ಬಿಡುವುದು ಇದಕ್ಕೇ.

ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದ ಮೊದಲ ಕೆಲವು ನಿಮಿಷ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಅಂತರ ಅಗಲವಾಗಿರುತ್ತದೆ. ಎಲ್ಲೋ ಒಂದು ವ್ಯವಹಾರ ವಿಪರೀತ ಬೆಲೆಗೆ ನಡೆದು, ಕೊನೆಯ ವಹಿವಾಟಿನ ಬೆಲೆ 142 ದಾಟಿದಂತೆ ತೋರಿಸಿ ಮತ್ತೆ 110ಕ್ಕೆ ಬಂದುಬಿಡಬಹುದು. ಮೊತ್ತವನ್ನು ಕೊನೆಯ ವಹಿವಾಟಿನ ಬೆಲೆಯಿಂದ ಲೆಕ್ಕ ಹಾಕದೆ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುಮಧ್ಯದಿಂದ ಹಾಕಿದರೆ ಈ ಸುಳ್ಳು ಸಂಕೇತ ತಪ್ಪುತ್ತದೆ.

ಹೊಂದಾಣಿಕೆ: ಪಡೆದದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು

ಟ್ರೇಡರ್‌ಗಳು ಅಡ್ಜಸ್ಟ್‌ಮೆಂಟ್ ಎನ್ನುವ ಕ್ರಮದ ತಿರುಳು ಇಷ್ಟು. ಸೂಚ್ಯಂಕ ಒಂದು ಬದಿಗೆ ವಾಲಿದಾಗ ಆ ಬದಿಯ ಆಪ್ಷನ್ ದುಬಾರಿಯಾಗುತ್ತದೆ, ಇನ್ನೊಂದು ಅಗ್ಗವಾಗುತ್ತದೆ. ಅಗ್ಗವಾದದ್ದನ್ನು ಲಾಭಕ್ಕೆ ಮುಚ್ಚಿ, ಅದೇ ಬದಿಯಲ್ಲಿ ಸೂಚ್ಯಂಕಕ್ಕೆ ಹತ್ತಿರದ ಸ್ಟ್ರೈಕ್ ಒಂದನ್ನು ಮತ್ತೆ ಮಾರಿದರೆ ಹೊಸ ಪ್ರೀಮಿಯಂ ಬರುತ್ತದೆ, ವ್ಯವಹಾರದ ವಾಲು ಕಡಿಮೆಯಾಗುತ್ತದೆ. ಯಾವಾಗ, ಎಷ್ಟು ಎಂಬುದು ಮುಂಚೆಯೇ ಬರೆದಿರಬೇಕು. ಈ ಉದಾಹರಣೆಯಲ್ಲಿ ನಿಯಮ ಹೀಗಿದೆ: ದಿನಕ್ಕೊಮ್ಮೆ, ಮಧ್ಯಾಹ್ನ 3 ಗಂಟೆಗೆ ನೋಡುವುದು, ಒಂದು ಬದಿಯ ಪ್ರೀಮಿಯಂ ಇನ್ನೊಂದರ ಮೂರು ಪಟ್ಟು ದಾಟಿದ್ದರೆ ಅಗ್ಗದ ಬದಿಯನ್ನು ಹತ್ತಿರ ತರುವುದು, ಹೊಸದಾಗಿ ಮಾರುವ ಪ್ರೀಮಿಯಂ 50 ರೂಪಾಯಿ ಮೀರಬಾರದು, ಲಾಟ್ ಸಂಖ್ಯೆ ಹೆಚ್ಚಬಾರದು.

ಕೊನೆಯ ಷರತ್ತು ಬಹಳ ಮುಖ್ಯ. ನಷ್ಟದಲ್ಲಿರುವ ಬದಿಯನ್ನು ದೂರದ ಸ್ಟ್ರೈಕ್‌ಗೆ ಸರಿಸಿ, ಕಡಿಮೆಯಾದ ಪ್ರೀಮಿಯಂ ತುಂಬಿಸಲು ಎರಡು ಪಟ್ಟು ಲಾಟ್ ಮಾರುವ ಅಭ್ಯಾಸವಿದೆ. ಒಂದು ಲಾಟ್‌ಗೆ ಲೆಕ್ಕ ಹಾಕಿದ್ದ 5,000ದ ಮಿತಿ ಆ ಕ್ಷಣದಲ್ಲೇ ಅರ್ಥ ಕಳೆದುಕೊಳ್ಳುತ್ತದೆ. ಖಾತೆಗಳು ಬರಿದಾಗುವ ದಾರಿ ಹೆಚ್ಚಾಗಿ ಇದೇ.

ಗುರುವಾರ ಮಧ್ಯಾಹ್ನ ನಿಫ್ಟಿ 25,150ಕ್ಕೆ ಏರಿದೆ. 25,400ರ ಕಾಲ್ 65, 24,600ರ ಪುಟ್ 20. ಮೊತ್ತ 85, ವ್ಯವಹಾರ 10 ರೂಪಾಯಿ ಲಾಭದಲ್ಲಿದೆ, ಆದರೆ ಕಾಲ್ ಪುಟ್‌ನ ಮೂರು ಪಟ್ಟು ದಾಟಿದೆ. ನಿಯಮದಂತೆ ಪುಟ್ ಅನ್ನು 20ಕ್ಕೆ ಮರಳಿ ಕೊಂಡು, 24,850ರ ಪುಟ್ ಅನ್ನು 50ಕ್ಕೆ ಮಾರಲಾಯಿತು. ಈವರೆಗೆ ಕೈಗೆ ಬಂದ ನಿವ್ವಳ ಪ್ರೀಮಿಯಂ 95ರಿಂದ 125ಕ್ಕೆ ಏರಿತು. ನಷ್ಟ ಶುರುವಾಗುವ ಮೇಲಿನ ಗಡಿ 25,495ರಿಂದ 25,525ಕ್ಕೆ ಹೋಯಿತು. ಕೆಳಗಿನ ಗಡಿ 24,505ರಿಂದ 24,725ಕ್ಕೆ ಬಂತು. ಮೇಲೆ 30 ಅಂಶದ ಉಸಿರು ಪಡೆಯಲು ಕೆಳಗೆ 220 ಅಂಶ ಬಿಟ್ಟುಕೊಟ್ಟಂತಾಯಿತು. ಹೊಂದಾಣಿಕೆಯನ್ನು ರಿಪೇರಿ ಎಂದು ಕರೆಯುವವರು ಈ ಲೆಕ್ಕವನ್ನು ಮುಂದೆ ಇಟ್ಟುಕೊಂಡಿರುವುದಿಲ್ಲ. ಇದು ರಿಪೇರಿಯಲ್ಲ, ಹೊಸ ಅಭಿಪ್ರಾಯ ಹೊತ್ತ ಹೊಸ ವ್ಯವಹಾರ: ಸೂಚ್ಯಂಕ ಏರಿದೆ, ಇನ್ನು ಹಳೆಯ ಮಟ್ಟಕ್ಕಿಂತ ಬಹಳ ಕೆಳಗೆ ಬರುವುದಿಲ್ಲ ಎಂಬ ಅಭಿಪ್ರಾಯ.

ಈಗ ಸ್ಟಾಪ್ ಎಲ್ಲಿಗೆ ಹೋಗಬೇಕು? ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಹೊಸ ನಿವ್ವಳ 125, ಅದರ ಅರ್ಧ 62, ಹಾಗಾಗಿ ಮೊತ್ತ 187 ಆದಾಗ ಹೊರಗೆ ಎಂದು ಶೇಕಡಾವಾರು ನಿಯಮವನ್ನೇ ಮರಳಿ ಹಚ್ಚುತ್ತಾರೆ. ಹಾಗೆ ಮಾಡಿದರೆ ಒಪ್ಪಿಕೊಂಡ ನಷ್ಟ 47ರಿಂದ 62ಕ್ಕೆ, ಲಾಟ್‌ಗೆ 3,525ರಿಂದ 4,650ಕ್ಕೆ ಏರುತ್ತದೆ. ಇನ್ನೊಂದು ಹೊಂದಾಣಿಕೆಯಾದರೆ ಮತ್ತಷ್ಟು. ಪ್ರತಿ ಬದಲಾವಣೆಯಲ್ಲೂ ಸ್ಟಾಪ್ ಸದ್ದಿಲ್ಲದೆ ಹಿಗ್ಗುತ್ತದೆ. ಸರಿಯಾದ ಕ್ರಮ ಸರಳ: ಬುಧವಾರ ನಿಗದಿಯಾದ 47 ರೂಪಾಯಿ ಬದಲಾಗುವುದಿಲ್ಲ. ಈವರೆಗೆ ಬಂದ ಎಲ್ಲ ಪ್ರೀಮಿಯಂನಿಂದ ಕೊಟ್ಟದ್ದನ್ನೆಲ್ಲ ಕಳೆದು, ಅದಕ್ಕೆ 47 ಸೇರಿಸಿದರೆ ಹೊಸ ಸ್ಟಾಪ್. 125ಕ್ಕೆ 47 ಸೇರಿ 172. ಸ್ಟಾಪ್ ಇಡೀ ವಾರದ ವ್ಯವಹಾರದ್ದು, ಈಗ ಕೈಯಲ್ಲಿರುವ ಎರಡು ಆಪ್ಷನ್‌ಗಳದ್ದಲ್ಲ. ಕಾಗದದ ಮೇಲೆ ಒಂದೇ ಸಾಲಿನಲ್ಲಿ ಈ ಲೆಕ್ಕವನ್ನು ಮುಂದುವರಿಸಿಕೊಂಡು ಹೋಗಬಹುದು.

ಶುಕ್ರವಾರ ಮಾರುಕಟ್ಟೆ ತಿರುಗಿತು. ಮಧ್ಯಾಹ್ನ ನಿಫ್ಟಿ 24,900, ಇಳಿಕೆಯ ಜತೆಗೆ ವಿಕ್ಸ್ 15ರತ್ತ ಏರಿದೆ. 24,850ರ ಪುಟ್ 134ಕ್ಕೆ ಜಿಗಿದಿದೆ, 25,400ರ ಕಾಲ್ 14ಕ್ಕೆ ಇಳಿದಿದೆ. ಮೊತ್ತ 148. ನಿವ್ವಳ 125ರಲ್ಲಿ ಕಳೆದರೆ 23 ರೂಪಾಯಿ ನಷ್ಟ, ಲಾಟ್‌ಗೆ 1,725. ಗುರುವಾರ ಏನೂ ಮಾಡದೆ ಬಿಟ್ಟಿದ್ದರೆ? 24,600ರ ಹಳೆಯ ಪುಟ್ ಈಗ ಸುಮಾರು 60ರಲ್ಲಿರುತ್ತಿತ್ತು. ಕಾಲ್ ಸೇರಿ 74, ಅಂದರೆ 21 ರೂಪಾಯಿ ಲಾಭ. ಒಂದೇ ಹೊಂದಾಣಿಕೆ ಲಾಭವನ್ನು ನಷ್ಟಕ್ಕೆ ತಿರುಗಿಸಿದೆ, ವ್ಯತ್ಯಾಸ 3,300 ರೂಪಾಯಿ. ಇದರಿಂದ ಹೊಂದಾಣಿಕೆ ಕೆಟ್ಟದ್ದು ಎಂದಾಗುವುದಿಲ್ಲ. ನಿಫ್ಟಿ 25,500ರತ್ತ ಏರಿದ್ದರೆ ಅದೇ 30 ರೂಪಾಯಿ ನಷ್ಟವನ್ನು ತಗ್ಗಿಸುತ್ತಿತ್ತು. ಹಿಂದೆ ಮುಂದೆ ತೂಗಾಡುವ ಮಾರುಕಟ್ಟೆಯಲ್ಲಿ ಪ್ರತಿ ಹೊಂದಾಣಿಕೆಗೂ ಬೆಲೆ ತೆರಬೇಕು, ಒಂದೇ ದಿಕ್ಕಿಗೆ ನಿಧಾನಕ್ಕೆ ಸರಿಯುವ ಮಾರುಕಟ್ಟೆಯಲ್ಲಿ ಅದು ಸಂದಾಯವಾಗುತ್ತದೆ. ಯಾವುದು ಬರುತ್ತದೆಂದು ಗುರುವಾರ ತಿಳಿಯುವ ದಾರಿಯಿಲ್ಲ. ಅದಕ್ಕೇ ಹೊಂದಾಣಿಕೆಗಳ ಸಂಖ್ಯೆಗೆ ಎರಡರ ಮಿತಿ.

ಶುಕ್ರವಾರ ಎರಡನೆಯದಕ್ಕೆ ಅವಕಾಶವಿದೆ. ಕಾಲ್ ಅನ್ನು 14ಕ್ಕೆ ಮುಚ್ಚಿ 25,200ರ ಕಾಲ್ ಅನ್ನು 42ಕ್ಕೆ ಮಾರಬಹುದು. ನಿವ್ವಳ 153 ಆಗುತ್ತದೆ, ಸ್ಟಾಪ್ 200. ಕೈಯಲ್ಲಿರುವ ಎರಡರ ಮೊತ್ತ ಈಗಲೇ 176, ಅಂದರೆ ಸ್ಟಾಪ್‌ಗೆ ಉಳಿದಿರುವುದು 24 ರೂಪಾಯಿ. ಮಾಡುವ ಮುನ್ನ ಒಂದು ಪರೀಕ್ಷೆ ಬೇಕು: ಉಳಿದ ಈ 24 ರೂಪಾಯಿ ಒಂದು ಸಾಮಾನ್ಯ ದಿನದ ಏರಿಳಿತವನ್ನು ತಾಳುತ್ತದೆಯೇ?

ವಿಕ್ಸ್ ಅನ್ನು 16ರಿಂದ ಭಾಗಿಸಿದರೆ ಒಂದು ದಿನದ ನಿರೀಕ್ಷಿತ ಚಲನೆ ಶೇಕಡಾದಲ್ಲಿ ಸಿಗುತ್ತದೆ. ವರ್ಷದಲ್ಲಿ ಸುಮಾರು 252 ವಹಿವಾಟಿನ ದಿನಗಳಿರುತ್ತವೆ, ಅದರ ವರ್ಗಮೂಲ 16ಕ್ಕೆ ಹತ್ತಿರ. ವಿಕ್ಸ್ 15 ಇದ್ದಾಗ ಅದು ಶೇ 0.94, ನಿಫ್ಟಿಯಲ್ಲಿ ಸುಮಾರು 230 ಅಂಶ. ಸೂಚ್ಯಂಕ ಒಂದು ಅಂಶ ಸರಿದರೆ ವ್ಯವಹಾರ ಎಷ್ಟು ಸರಿಯುತ್ತದೆ ಎಂಬುದನ್ನು ಡೆಲ್ಟಾ ಹೇಳುತ್ತದೆ. ಹೊಂದಾಣಿಕೆಗೆ ಮುಂಚೆ ಇದು ಸುಮಾರು 0.35, ಆದ ಮೇಲೆ 0.22. ವಾಲು ಕಡಿಮೆಯಾದದ್ದು ನಿಜ. ಆದರೂ 230 ಅಂಶ ಕೆಳಗೆ ಬಂದರೆ ಕನಿಷ್ಠ 50 ರೂಪಾಯಿ ನಷ್ಟ, ಇಳಿಯುತ್ತಿರುವಾಗ ಡೆಲ್ಟಾ ತಾನೂ ಬೆಳೆಯುವುದರಿಂದ ಇನ್ನಷ್ಟು. ಉಳಿದಿರುವುದು 24. ಮುಂದೆ ಶನಿವಾರ, ಭಾನುವಾರ ಬೇರೆ. ಪರೀಕ್ಷೆಯಲ್ಲಿ ವ್ಯವಹಾರ ಸೋತಿದೆ. ಸರಿಯಾದ ಹೆಜ್ಜೆ ಹೊಂದಾಣಿಕೆಯಲ್ಲ, 1,725 ರೂಪಾಯಿ ನಷ್ಟ ಒಪ್ಪಿ ಹೊರಬರುವುದು. ಗುರುವಾರ ಇದೇ ಪರೀಕ್ಷೆಯಲ್ಲಿ ವ್ಯವಹಾರ ಸಲೀಸಾಗಿ ಗೆದ್ದಿತ್ತು: ಹೊಂದಾಣಿಕೆಯ ನಂತರ ಡೆಲ್ಟಾ ಸೊನ್ನೆಯ ಹತ್ತಿರ, ಸ್ಟಾಪ್‌ಗೆ ಇನ್ನೂ 57 ರೂಪಾಯಿ ಬಾಕಿ.

ಸ್ಟಾಪ್ ದಾಟಿ ತೆರೆಯುವ ಬೆಳಗು

ಶುಕ್ರವಾರ ಎರಡನೇ ಹೊಂದಾಣಿಕೆ ಮಾಡಿ ಉಳಿಸಿಕೊಂಡವರು ಸೋಮವಾರ ಬೆಳಿಗ್ಗೆ ನಿಫ್ಟಿ 24,600ಕ್ಕೆ ತೆರೆಯುವುದನ್ನು ನೋಡುತ್ತಾರೆ ಎನ್ನೋಣ. 24,850ರ ಪುಟ್ ಸುಮಾರು 269, 25,200ರ ಕಾಲ್ 2. ಮೊತ್ತ 271. ಸ್ಟಾಪ್ 200ರಲ್ಲಿತ್ತು, ಆದರೆ 200ರಲ್ಲಿ ಒಂದು ಕ್ಷಣವೂ ಬೆಲೆ ನಿಲ್ಲಲಿಲ್ಲ. ನಷ್ಟ ಯೂನಿಟ್‌ಗೆ 118, ಲಾಟ್‌ಗೆ 8,850 ರೂಪಾಯಿ. 5,000ದ ಮಿತಿ ಕಾಗದದಲ್ಲೇ ಉಳಿಯಿತು.

300 ಅಂಶದ ಈ ಜಿಗಿತ ಅಂಥ ದೊಡ್ಡದೇನಲ್ಲ. 2025ರ ಏಪ್ರಿಲ್ 4ರ ಶುಕ್ರವಾರ ನಿಫ್ಟಿ 22,904ರಲ್ಲಿ ಮುಗಿದಿತ್ತು. ಅಮೆರಿಕದ ಸುಂಕದ ಘೋಷಣೆಯಿಂದ ಜಗತ್ತಿನ ಮಾರುಕಟ್ಟೆಗಳು ಕುಸಿದ ಮೇಲೆ, ಏಪ್ರಿಲ್ 7ರ ಸೋಮವಾರ 21,758ರ ಆಸುಪಾಸಿನಲ್ಲಿ ತೆರೆಯಿತು. ಸುಮಾರು 1,150 ಅಂಶ ಕೆಳಗೆ. 2024ರ ಲೋಕಸಭಾ ಚುನಾವಣೆಯಲ್ಲಿ ಎರಡೂ ಬದಿಗೆ ಹೊಡೆತ ಬಿತ್ತು. ಮೇ 31ರಂದು 22,530ರಲ್ಲಿದ್ದ ನಿಫ್ಟಿ, ಮತಗಟ್ಟೆ ಸಮೀಕ್ಷೆಗಳ ನಂತರ ಜೂನ್ 3ರಂದು 23,263ಕ್ಕೆ ಏರಿ, ಎಣಿಕೆಯ ದಿನವಾದ ಜೂನ್ 4ರಂದು ಶೇ 6ರಷ್ಟು ಬಿದ್ದು 21,884ಕ್ಕೆ ಮುಗಿಯಿತು. ಏರಿದ ದಿನ ಪುಟ್ ಅನ್ನು ಹತ್ತಿರ ತಂದು ಹೊಂದಾಣಿಕೆ ಮಾಡಿದವರ ಮೇಲೇ ಮಾರನೆಯ ದಿನದ ಹೊಡೆತ ಅತಿ ಹೆಚ್ಚು ಬಿದ್ದಿರಬೇಕು. ಇಂಥ ಬೆಳಗುಗಳಲ್ಲಿ ಸ್ಟಾಪ್ ಎಂಬುದು ಮಾರುಕಟ್ಟೆ ತೆರೆದ ಮೇಲೆ ಎಚ್ಚರಗೊಳ್ಳುವ ಕಾವಲುಗಾರ. ರಾತ್ರಿಯ ಕಾವಲಿಗೆ ಕೊಂಡಿಟ್ಟ ಆಪ್ಷನ್ ಮಾತ್ರ ಇದೆ.

ಆದ್ದರಿಂದ ಮಿತಿ ಎರಡು ಹಂತದ್ದಾಗಿರಬೇಕು. ಮಾರುಕಟ್ಟೆ ನಡೆಯುತ್ತಿರುವಾಗಿನ ಮಿತಿಯನ್ನು ಸ್ಟಾಪ್ ಕಾಯುತ್ತದೆ: 5,000. ರಾತ್ರಿ ಕಳೆದು ಬರುವ ಜಿಗಿತದ ಮಿತಿಯನ್ನು ರೆಕ್ಕೆಗಳು ಕಾಯುತ್ತವೆ. ಮಾರಿದ ಕಾಲ್‌ಗಿಂತ 300 ಅಂಶ ಮೇಲಿನ ಕಾಲ್, ಮಾರಿದ ಪುಟ್‌ಗಿಂತ 300 ಅಂಶ ಕೆಳಗಿನ ಪುಟ್ ಎರಡನ್ನೂ ಕೊಂಡಿಡುವುದೇ ರೆಕ್ಕೆ. ಹೀಗೆ ರೆಕ್ಕೆ ಕಟ್ಟಿದ ಸ್ಟ್ರ್ಯಾಂಗಲ್‌ಗೆ ಐರನ್ ಕಾಂಡೋರ್ ಎಂದು ಹೆಸರು. ಬುಧವಾರ 25,700ರ ಕಾಲ್ 9 ರೂಪಾಯಿಗೆ, 24,300ರ ಪುಟ್ 21 ರೂಪಾಯಿಗೆ ಸಿಗುತ್ತಿತ್ತು. ಬಂದ 95ರಲ್ಲಿ 30 ಹೋಯಿತು, ಉಳಿದದ್ದು 65. ಆದಾಯದ ಮೂರನೇ ಒಂದು ಭಾಗ ಹೋದದ್ದು ನೋಡಿ ಹಲವರು ಇಲ್ಲೇ ಹಿಂಜರಿಯುತ್ತಾರೆ. ಪ್ರತಿಯಾಗಿ ಸಿಕ್ಕಿದ್ದು ಮಾರುಕಟ್ಟೆ ಎಲ್ಲಿಗೇ ತೆರೆದರೂ ದಾಟದ ಗೋಡೆ: 300ರಲ್ಲಿ 65 ಕಳೆದು 235 ರೂಪಾಯಿ, ಲಾಟ್‌ಗೆ 17,625. ಬಂಡವಾಳದ ಶೇ 3.5. ಇದೂ ಹೆಚ್ಚೆನಿಸಿದರೆ ರೆಕ್ಕೆಯನ್ನು 200 ಅಂಶಕ್ಕೆ ತರಬೇಕು, ಆದಾಯ ಇನ್ನೂ ಕುಗ್ಗುತ್ತದೆ. ಮಾರ್ಜಿನ್ ಬೇಡಿಕೆಯೂ ರೆಕ್ಕೆ ಇದ್ದಾಗ ಬಹಳ ಇಳಿಯುತ್ತದೆ. ಹಾಗೆ ಬಿಡುಗಡೆಯಾದ ಹಣದಲ್ಲಿ ಇನ್ನಷ್ಟು ಲಾಟ್ ಮಾರಿದರೆ ರೆಕ್ಕೆ ಕಟ್ಟಿದ ಉದ್ದೇಶವೇ ಹಾಳಾಗುತ್ತದೆ.

ರೆಕ್ಕೆ ಇದ್ದವರಿಗೂ ಹೊಂದಾಣಿಕೆಯ ಸಮಯದಲ್ಲಿ ಒಂದು ಮರೆವು ಕಾಡುತ್ತದೆ. ಗುರುವಾರ ಪುಟ್ ಅನ್ನು 24,600ರಿಂದ 24,850ಕ್ಕೆ ತಂದಾಗ ರೆಕ್ಕೆಯನ್ನು 24,300ರಲ್ಲೇ ಬಿಟ್ಟರೆ ನಡುವಿನ ಅಂತರ 300ರಿಂದ 550 ಆಗುತ್ತದೆ, ಗೋಡೆ 250 ಅಂಶ ಹಿಂದಕ್ಕೆ ಸರಿಯುತ್ತದೆ. ಮಾರಿದ ಸ್ಟ್ರೈಕ್ ಸರಿದರೆ ರೆಕ್ಕೆಯೂ ಜತೆಗೇ ಸರಿಯಬೇಕು. ಗುರುವಾರ ಅದಕ್ಕೆ 10 ರೂಪಾಯಿ, ಶುಕ್ರವಾರ ಕಾಲ್ ಬದಿಯಲ್ಲಿ 5 ರೂಪಾಯಿ ಹಿಡಿಯುತ್ತಿತ್ತು. ಎಲ್ಲ ಸೇರಿ ರೆಕ್ಕೆಯ ಖರ್ಚು 45, ನಿವ್ವಳ ಪ್ರೀಮಿಯಂ 153ರ ಬದಲು 108. ಸೋಮವಾರ ನಿಫ್ಟಿ 24,600ಕ್ಕೆ ತೆರೆದಾಗ 24,550ರ ಪುಟ್ ರೆಕ್ಕೆ ಸುಮಾರು 80 ರೂಪಾಯಿ ಬೆಲೆಬಾಳುತ್ತದೆ. ನಷ್ಟ 8,850ರ ಬದಲು ಸುಮಾರು 6,225. 24,200ಕ್ಕೆ ತೆರೆದಿದ್ದರೆ ರೆಕ್ಕೆ ಇಲ್ಲದವರ ನಷ್ಟ 37,000 ರೂಪಾಯಿ ದಾಟುತ್ತಿತ್ತು, ಇದ್ದವರದ್ದು ಎಷ್ಟೇ ಬಿದ್ದರೂ 192 ರೂಪಾಯಿಯ ಲೆಕ್ಕದಲ್ಲಿ 14,400ಕ್ಕೆ ನಿಲ್ಲುತ್ತಿತ್ತು. ವ್ಯವಹಾರ ಶುರುಮಾಡುವಾಗ ರೆಕ್ಕೆ ಮೊದಲು ಕೊಳ್ಳಬೇಕು, ಆಮೇಲೆ ಮಾರಬೇಕು. ಮುಚ್ಚುವಾಗ ಮಾರಿದ್ದನ್ನು ಮೊದಲು ಮರಳಿ ಕೊಂಡು, ಕೊನೆಗೆ ರೆಕ್ಕೆ ಮಾರಬೇಕು. ಕ್ರಮ ತಪ್ಪಿದರೆ ನಡುವಿನ ಕೆಲವು ಕ್ಷಣ ಪೂರ್ತಿ ಮಾರ್ಜಿನ್ ಬೇಕಾಗಿ ಆರ್ಡರ್ ತಿರಸ್ಕೃತವಾಗಬಹುದು.

ಎಕ್ಸ್‌ಪೈರಿಯ ದಿನ ಮತ್ತು ತಿಂಗಳ ಲೆಕ್ಕ

ಎಲ್ಲವೂ ನೆಟ್ಟಗೆ ನಡೆದ ವಾರದಲ್ಲಿ ಹೊರಬರುವುದಕ್ಕೂ ನಿಯಮ ಬೇಕು. ಪ್ರೀಮಿಯಂನ ಅರ್ಧ ಕರಗಿದಾಗ ಲಾಭ ತೆಗೆದುಕೊಳ್ಳುವುದು, ಅರ್ಧದಷ್ಟು ನಷ್ಟವಾದಾಗ ಹೊರಬರುವುದು ಎಂದಿದ್ದರೆ, ಖರ್ಚು ಬಿಟ್ಟು ಸಮವಾಗಲು ಎರಡರಲ್ಲಿ ಒಂದು ವಾರ ಗೆಲ್ಲಬೇಕು. ಸ್ಟಾಪ್ ಅನ್ನು ಪೂರ್ತಿ ಪ್ರೀಮಿಯಂನಷ್ಟು ನಷ್ಟಕ್ಕೆ ಸಡಿಲಿಸಿದರೆ ಮೂರರಲ್ಲಿ ಎರಡು ವಾರ ಗೆಲ್ಲಬೇಕು. ಸಡಿಲ ಸ್ಟಾಪ್‌ಗೆ ಗೆಲುವುಗಳ ಸಂಖ್ಯೆ ಹೆಚ್ಚುವುದು ಸಹಜ. ಅಷ್ಟು ಹೆಚ್ಚುತ್ತದೆಯೇ ಎಂಬುದನ್ನು ಬರೆದಿಟ್ಟ ಲೆಕ್ಕವೇ ತೋರಿಸಬೇಕು. ಹೊಂದಾಣಿಕೆಗಳು ಈ ಅನುಪಾತವನ್ನು ಕೆಡಿಸುತ್ತವೆ ಎಂಬುದನ್ನೂ ಅದರಲ್ಲೇ ಕಾಣಬಹುದು. ರೆಕ್ಕೆ ಸಮೇತ ಒಂದು ವ್ಯವಹಾರಕ್ಕೆ ಒಳಗೆ ಹೊರಗೆ ಸೇರಿ ಎಂಟು ಆರ್ಡರ್, ಪ್ರತಿ ಹೊಂದಾಣಿಕೆಗೆ ಇನ್ನೂ ನಾಲ್ಕು. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಹಿಡಿದರೂ, ತೆರಿಗೆಗಳನ್ನು ಬಿಟ್ಟು, ಎರಡು ಹೊಂದಾಣಿಕೆಯ ವಾರಕ್ಕೆ 320 ರೂಪಾಯಿ.

ಮಂಗಳವಾರದವರೆಗೆ ಹಿಡಿದುಕೊಳ್ಳುವುದು ಬೇರೆಯದೇ ಆಟ. ಎಕ್ಸ್‌ಪೈರಿಯ ದಿನ ಮೊತ್ತ 15–20 ರೂಪಾಯಿಗೆ ಇಳಿದಿರುತ್ತದೆ, ಗಳಿಸಲು ಉಳಿದಿರುವುದು ಅಷ್ಟೇ. ಆದರೆ ನಿಫ್ಟಿ ಸ್ಟ್ರೈಕ್‌ನ ಹತ್ತಿರವಿದ್ದರೆ 80 ಅಂಶದ ಒಂದು ಓಟಕ್ಕೆ ಆ ಮೊತ್ತ ಕೆಲವೇ ನಿಮಿಷಗಳಲ್ಲಿ ಮೂರು ಪಟ್ಟಾಗುತ್ತದೆ. ಶೇಕಡಾವಾರು ಸ್ಟಾಪ್ ಅಂದು ಕೆಲಸಕ್ಕೆ ಬಾರದು: ಸಣ್ಣ ಪ್ರೀಮಿಯಂನ ಅರ್ಧ ಎಂದರೆ ಸುಮ್ಮನೆ ನಡೆಯುವ ಏರಿಳಿತವೇ ಮುಟ್ಟುವಷ್ಟು ಸಮೀಪ. ಮಾರಿದ ಆಪ್ಷನ್‌ಗಳ ಮೇಲೆ ಎಕ್ಸ್‌ಪೈರಿಯ ದಿನ ಶೇ 2ರಷ್ಟು ಹೆಚ್ಚುವರಿ ಮಾರ್ಜಿನ್ ಅನ್ನೂ ಸೆಬಿ 2024ರ ನವೆಂಬರ್‌ನಿಂದ ವಿಧಿಸಿದೆ. ಸೋಮವಾರ ಮಧ್ಯಾಹ್ನಕ್ಕೆ ಲಾಭವಿರಲಿ, ನಷ್ಟವಿರಲಿ ಮುಚ್ಚಿಬಿಡುವ ನಿಯಮಕ್ಕೆ ಇವೆರಡೂ ಕಾರಣ.

ಕೊನೆಯದು ತಿಂಗಳ ಮಿತಿ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಎಂದು ಸೆಬಿಯ 2024ರ ಅಧ್ಯಯನ ಹೇಳಿತು. ಸ್ಟ್ರ್ಯಾಂಗಲ್ ಮಾರುವವರಲ್ಲಿ ನಷ್ಟದ ಒಂದು ವಾರದ ನಂತರದ ವಾರವೇ ಹೆಚ್ಚು ಅಪಾಯದ್ದು. ಕಳೆದದ್ದನ್ನು ತುಂಬಿಸಲು ಸ್ಟ್ರೈಕ್‌ಗಳು ಹತ್ತಿರ ಬರುತ್ತವೆ, ಲಾಟ್ ಹೆಚ್ಚುತ್ತದೆ. ವಾರಕ್ಕೆ 5,000 ಎಂದಿದ್ದರೆ ತಿಂಗಳಿಗೆ 10,000 ಎಂದು ಬರೆದಿಟ್ಟು, ಎರಡು ಸ್ಟಾಪ್ ಆದ ತಿಂಗಳಲ್ಲಿ ಮೂರನೇ ವ್ಯವಹಾರ ಮಾಡದಿರುವುದು ರೂಢಿಯಾಗಬೇಕು. ರೆಕ್ಕೆ ಮುಟ್ಟುವ ಒಂದೇ ಜಿಗಿತ ಈ ತಿಂಗಳ ಮಿತಿಯನ್ನೂ ದಾಟಬಹುದು. ಹಾಗಾದಾಗ ಮುಂದಿನ ತಿಂಗಳ ಲೆಕ್ಕ 5 ಲಕ್ಷದಿಂದಲ್ಲ, ಉಳಿದ ಬಂಡವಾಳದ ಶೇ 1ರಿಂದ ಶುರುವಾಗುತ್ತದೆ. ಆ ಮೊತ್ತಕ್ಕೆ ಒಂದು ಲಾಟ್ ಹಿಡಿಸದಿದ್ದರೆ ಇನ್ನೂ ದೂರದ ಸ್ಟ್ರೈಕ್ ಮತ್ತು ಸಣ್ಣ ಪ್ರೀಮಿಯಂಗೆ ಹೋಗಬೇಕು, ಇಲ್ಲವೇ ಆ ತಿಂಗಳು ಬಿಡಬೇಕು.